ಹೊಸ ಪಾರ್ಟಿಗೆ ಕ್ರೆಡಿಟ್ ಕೊಡುವ ಮೊದಲು ರೆಫರೆನ್ಸ್ ಕೇಳುವುದು ಹೇಗೆ?

ಪ್ರಶ್ನೆ: ನಾವು ತುಮಕೂರಿನ ವಸಂತನರಸಾಪುರದಲ್ಲಿ ಕಾರ್ಟನ್ ಬಾಕ್ಸ್ ಮಾಡುತ್ತೇವೆ. ಸಣ್ಣ ಘಟಕ, ಉದ್ಯಮ್ ನೋಂದಣಿ ಇದೆ. ಬೆಂಗಳೂರಿನ ಒಂದು ಖಾರದ ತಿಂಡಿ ತಯಾರಿಸುವ ಪಾರ್ಟಿ ತಿಂಗಳಿಗೆ ಸುಮಾರು 3 ಲಕ್ಷದ ಮಾಲು ಬೇಕು, 60 ದಿನ ಕ್ರೆಡಿಟ್ ಕೊಡಿ ಅಂತ ಕೇಳಿದ್ದಾರೆ. ನಮಗೆ ಅವರು ಪೂರ್ತಿ ಹೊಸಬರು. ರೆಫರೆನ್ಸ್, ಬ್ಯಾಂಕ್ ವಿವರ ಕೇಳಬೇಕು ಅಂತ ಗೊತ್ತು. ಆದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಅಂದುಬಿಟ್ಟರೆ? ಆರ್ಡರ್ ಕೈತಪ್ಪದ ಹಾಗೆ ಹೇಗೆ ಕೇಳೋದು?

ಉತ್ತರ: ಕೇಳುವ ಹೊತ್ತು ಸರಿ ಇದ್ದರೆ ಅರ್ಧ ಮುಜುಗರ ಅಲ್ಲೇ ಕಳೆಯುತ್ತದೆ. ದರ ಮಾತಾಡಿ ಮುಗಿದು, ಪಿಒ ಬಂದು, ಬಾಕ್ಸ್ ಮೇಲಿನ ಡಿಸೈನ್ ಕೂಡ ಓಕೆ ಆದ ಮೇಲೆ ‘ಸರ್, ಎರಡು ರೆಫರೆನ್ಸ್ ಕೊಡ್ತೀರಾ?’ ಅಂದರೆ ಯಾರಿಗಾದರೂ ಚುಚ್ಚುತ್ತದೆ. ನಡುವೆ ಯಾರೋ ಏನೋ ಕಿವಿ ಊದಿರಬೇಕು ಅಂದುಕೊಳ್ಳುತ್ತಾರೆ. ಅದೇ ಮಾತು ಕೊಟೇಶನ್ ಜೊತೆಗೆ ಒಂದು ಫಾರ್ಮ್ ಆಗಿ ಹೋದರೆ ಅದು ಹೊಸ ಅಕೌಂಟ್ ತೆರೆಯುವ ಕಾಗದ ಅಷ್ಟೇ. ಅವರು 60 ದಿನ ಅಂತ ಬಾಯಿಬಿಟ್ಟು ಕೇಳಿದ್ದಾರೆ. ನಿಮ್ಮ ಫಾರ್ಮ್ ಆ ಕೋರಿಕೆಗೆ ಕೊಡುವ ಉತ್ತರ. ಹಾಗಾಗಿ ಈ ವಾರವೇ ಕಳಿಸಿ. ಸ್ಯಾಂಪಲ್ ಒಪ್ಪಿಗೆ ಆಗುವ ತನಕ ಕಾಯಬೇಡಿ.

ಆದರೆ ಕಳಿಸುವ ಮೊದಲು, ಕೇಳದೆಯೇ ಏನೇನು ಗೊತ್ತಾಗುತ್ತದೋ ಅದನ್ನು ನೋಡಿಬಿಡಿ. ಜಾಲತಾಣದಲ್ಲಿ ಎಲ್ಲರಿಗೂ ಕಾಣುವ ಮಾಹಿತಿಯನ್ನು ಪಾರ್ಟಿಯ ಬಾಯಿಂದಲೇ ಹೇಳಿಸಿದರೆ ವಿಚಾರಣೆ ಮಾಡಿದ ಹಾಗಿರುತ್ತದೆ, ಫಾರ್ಮ್ ಕೂಡ ಸುಮ್ನೆ ಉದ್ದ ಆಗುತ್ತದೆ. ಅವರ ಜಿಎಸ್‌ಟಿ ನಂಬರ್ ವಿಚಾರಣೆಯ ಮೇಲ್‌ನಲ್ಲೋ ಲೆಟರ್‌ಹೆಡ್‌ನಲ್ಲೋ ಇರುತ್ತದೆ. gst.gov.in ಗೆ ಹೋಗಿ Search Taxpayer ನಲ್ಲಿ ಅದನ್ನು ಹಾಕಿ. ಲಾಗಿನ್ ಬೇಕಿಲ್ಲ. ನಿಜವಾದ ಹೆಸರು, ವ್ಯಾಪಾರದ ಹೆಸರು, ನೋಂದಣಿ ಆದ ದಿನ, ಮಾಲೀಕತ್ವದ ಬಗೆ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಎಲ್ಲ ಬರುತ್ತದೆ. ‘ಹತ್ತು ವರ್ಷದಿಂದ ಲೈನಲ್ಲಿದ್ದೇವೆ’ ಅಂದವರ ನೋಂದಣಿ ಹೋದ ವರ್ಷದ್ದಾಗಿದ್ದರೆ, ಯಾಕೆ ಅಂತ ಕೇಳಲು ಒಂದು ವಿಷಯ ಸಿಕ್ಕಿತು. ಹಳೆ ಫರ್ಮ್ ಮುಚ್ಚಿ ಹೊಸದು ಮಾಡಿರಬಹುದು. ಅಣ್ಣತಮ್ಮಂದಿರು ಪಾಲಾಗಿದ್ದರೂ ಹಾಗೇ ಕಾಣುತ್ತದೆ. ಕಾರಣ ಸರಿಯಾಗಿಯೇ ಇರಬಹುದು, ಆದರೆ ನಿಮಗೆ ಗೊತ್ತಿರಬೇಕು.

ನಂಬರನ್ನೂ ಸ್ವಲ್ಪ ಓದಲು ಬರಬೇಕು. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಹಾಗಾಗಿ ಪ್ಯಾನ್ ಬೇರೆ ಕೇಳುವ ಅಗತ್ಯ ಇಲ್ಲ. ಜಿಎಸ್‌ಟಿ ನಂಬರಿನ ಆರನೇ ಅಕ್ಷರ F ಇದ್ದರೆ ಪಾಲುದಾರಿಕೆ ಫರ್ಮ್ ಅಥವಾ ಎಲ್‌ಎಲ್‌ಪಿ, C ಇದ್ದರೆ ಕಂಪನಿ, P ಇದ್ದರೆ ಒಬ್ಬರದೇ ವ್ಯಾಪಾರ. ನಾಳೆ ದುಡ್ಡು ನಿಂತರೆ ಯಾರನ್ನು ಕೇಳಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಎಲ್‌ಎಲ್‌ಪಿ ಅಲ್ಲದ ಪಾಲುದಾರಿಕೆ ಆದರೆ ಪಾಲುದಾರರ ಆಸ್ತಿಯೂ ಫರ್ಮ್‌ನ ಸಾಲಕ್ಕೆ ಹೊಣೆ. ಪ್ರೈವೇಟ್ ಲಿಮಿಟೆಡ್ ಆದರೆ ಸಾಮಾನ್ಯವಾಗಿ ಕಂಪನಿಯಲ್ಲಿ ಇದ್ದದ್ದಷ್ಟೇ.

ಅದೇ ಪುಟದಲ್ಲಿ Show Filing Table ಒತ್ತಿ. ರಿಟರ್ನ್ ಯಾವ್ಯಾವ ದಿನ ಹಾಕಿದ್ದಾರೆ ಅಂತ ಬರುತ್ತದೆ. ಇಡೀ ತಪಾಸಣೆಯಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಇದನ್ನೇ. ಪ್ರತಿ ತಿಂಗಳು ಹಾಕುವವರಿಗೆ ಜಿಎಸ್‌ಟಿಆರ್-3ಬಿ ಕೊನೇ ದಿನ ಮುಂದಿನ ತಿಂಗಳ 20. ಒಂದೆರಡು ಸಲ ನಾಲ್ಕೈದು ದಿನ ತಡ ಆಗಿದ್ದರೆ ಅಕೌಂಟೆಂಟ್ ರಜೆ ಹಾಕಿರಬಹುದು. ಆದರೆ ನಾಲ್ಕು ತಿಂಗಳು ಸತತ ತಡ ಆಗಿ, ಮೂರು ತಿಂಗಳದ್ದು ಒಂದೇ ದಿನ ಹಾಕಿದ್ದರೆ ತೆರಿಗೆ ಕಟ್ಟಲು ಕೈಯಲ್ಲಿ ದುಡ್ಡು ಇರಲಿಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಸರ್ಕಾರಕ್ಕೆ ತಡ ಆದರೆ ಬಡ್ಡಿ, ತಡದ ಶುಲ್ಕ ಎರಡೂ ಬೀಳುತ್ತದೆ. ಅಲ್ಲೇ ತಡ ಮಾಡಿದವರು ಬಾಕ್ಸ್ ಕೊಟ್ಟವರಿಗೆ ಮೊದಲು ಕೊಡುತ್ತಾರಾ? ಒಂದು ಎಚ್ಚರಿಕೆ: ಸಣ್ಣ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ಹಾಕುವ ವ್ಯವಸ್ಥೆಯೂ ಇದೆ. ಪಟ್ಟಿಯಲ್ಲಿ ತಿಂಗಳು ಬಿಟ್ಟುಹೋದ ಹಾಗೆ ಕಂಡರೆ ಅದು ಹೌದಾ ಅಂತ ನೋಡಿಕೊಳ್ಳಿ.

ಈಗ ನಿಮ್ಮ ಲೆಕ್ಕ. ತೆರಿಗೆ ಸೇರಿ ತಿಂಗಳಿಗೆ 3 ಲಕ್ಷ, ಕ್ರೆಡಿಟ್ 60 ದಿನ. ಎಲ್ಲ ಸರಿಯಾಗಿ ನಡೆದರೂ ಯಾವಾಗಲೂ 6 ಲಕ್ಷ ಹೊರಗೆ ಇರುತ್ತದೆ. 20 ದಿನ ಎಳೆದರೆ 8 ಲಕ್ಷ. ಇದರ ಜೊತೆ ನಿಮ್ಮ ಗೋಡೌನ್‌ನಲ್ಲಿ ಅವರ ಹೆಸರು ಪ್ರಿಂಟ್ ಆಗಿ ಕೂತ ಬಾಕ್ಸ್ ಇರುತ್ತದೆ. ಅರ್ಧ ತಿಂಗಳ ಮಾಲು ಅಂದರೆ ಒಂದೂವರೆ ಲಕ್ಷ. ಪ್ಲೇನ್ ಬಾಕ್ಸ್ ಆದರೆ ಬೇರೆ ಯಾರಿಗಾದರೂ ದಾಟಿಸಬಹುದು. ಪ್ರಿಂಟ್ ಆದದ್ದು ರದ್ದಿಗೇ ಹೋಗಬೇಕು. ಒಟ್ಟು ಒಂಬತ್ತೂವರೆ ಲಕ್ಷ. ಬಿಲ್ ಹಾಕಿದ ಮೇಲೆ ಅವರು ದುಡ್ಡು ಕೊಡಲಿ ಬಿಡಲಿ ಜಿಎಸ್‌ಟಿಯನ್ನು ನೀವು ನಿಮ್ಮ ರಿಟರ್ನ್‌ನಲ್ಲಿ ಕಟ್ಟಲೇಬೇಕು. ಅತ್ತ ಕ್ರಾಫ್ಟ್ ಪೇಪರ್ ಮಿಲ್‌ನವರು ನಿಮಗೆ 60 ದಿನ ಕೊಡುವುದಿಲ್ಲ. ಈ ಅಂಕಿ ಕಣ್ಣಮುಂದೆ ಇದ್ದರೆ ಕೇಳುವಾಗ ದನಿ ತಗ್ಗುವುದಿಲ್ಲ.

ಕೇಳುವ ಮಾತು ಹೀಗಿರಲಿ. ಕೊಟೇಶನ್ ಜೊತೆ ಮೇಲ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಕಳಿಸಿ:

“ನಮಸ್ಕಾರ ಸರ್. ಕೊಟೇಶನ್ ಕಳಿಸಿದ್ದೇನೆ. ನೀವು ಕ್ರೆಡಿಟ್ ಕೇಳಿದ್ದಿರಿ. ಕ್ರೆಡಿಟ್‌ನಲ್ಲಿ ಮಾಲು ತಗೊಳ್ಳುವ ಎಲ್ಲ ಪಾರ್ಟಿಗಳಿಗೂ ನಾವು ಒಂದು ಪುಟದ ಅಕೌಂಟ್ ಫಾರ್ಮ್ ಕಳಿಸುತ್ತೇವೆ, ಜೊತೆಗಿದೆ. ನಿಮಗೆ ಎಷ್ಟು ಲಿಮಿಟ್ ಇಡಬಹುದು ಅಂತ ಇದರ ಮೇಲೆ ನಿರ್ಧಾರ ಮಾಡುತ್ತೇವೆ. ನಮ್ಮ ಜಿಎಸ್‌ಟಿ, ಉದ್ಯಮ್ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್, ನಮ್ಮಿಂದ ಬಾಕ್ಸ್ ತಗೊಳ್ಳುವ ಇಬ್ಬರ ಫೋನ್ ನಂಬರ್ ಕೂಡ ಇಟ್ಟಿದ್ದೇನೆ. ನೀವೂ ಅವರ ಹತ್ತಿರ ನಮ್ಮ ಬಗ್ಗೆ ವಿಚಾರಿಸಿ. ಫಾರ್ಮ್ ಬಂದ ಮೇಲೆ ನಾಲ್ಕು ದಿನದಲ್ಲಿ ತಿಳಿಸುತ್ತೇನೆ. ಅಷ್ಟರೊಳಗೆ ಅರ್ಜೆಂಟ್ ಮಾಲು ಬೇಕಿದ್ದರೆ ಮೊದಲ ಆರ್ಡರ್ ಅಡ್ವಾನ್ಸ್ ಮೇಲೆ ಶುರು ಮಾಡಬಹುದು.”

ಇದರಲ್ಲಿ ಕೆಲಸ ಮಾಡುವುದು ಎರಡು ವಿಷಯ. ಒಂದು, ನಿಮ್ಮ ವಿವರ ನೀವೇ ಮೊದಲು ಕೊಟ್ಟಿದ್ದೀರಿ. ಅವರಿಗೂ ನೀವು ಹೊಸಬರೇ ಅಲ್ವಾ? ಹೇಳಿದ ದಿನ ಲೋಡ್ ಬರುತ್ತದಾ, ಬಾಕ್ಸ್ ಒಡೆಯುತ್ತದಾ ಅಂತ ಅವರಿಗೂ ಚಿಂತೆ ಇದೆ. ಇಬ್ಬರೂ ವಿಚಾರಿಸಿಕೊಳ್ಳುವಾಗ ಅಲ್ಲಿ ಅವಮಾನಕ್ಕೆ ಜಾಗ ಇರುವುದಿಲ್ಲ. ನಿಮ್ಮ ಹಳೆ ಗಿರಾಕಿಗಳ ನಂಬರ್ ಕೊಡುವ ಮೊದಲು ಅವರ ಒಪ್ಪಿಗೆ ಮಾತ್ರ ಕೇಳಿಕೊಳ್ಳಿ. ಇನ್ನೊಂದು, ‘ಎಲ್ಲ ಪಾರ್ಟಿಗಳಿಗೂ’ ಅನ್ನುವುದು ನಿಜ ಆಗಿರಬೇಕು. ಇವರಿಗೆ ಮಾತ್ರ ಫಾರ್ಮ್ ಮಾಡಿ, ಮುಂದಿನ ತಿಂಗಳು ಬಂದ ಇನ್ನೊಬ್ಬರಿಗೆ ಬಿಟ್ಟುಬಿಟ್ಟರೆ ಒಂದು ದಿನ ಗೊತ್ತಾಗುತ್ತದೆ. ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ ಕಡೆ ಖರೀದಿ ವಿಭಾಗದವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರೇ. ಸಂಬಂಧಿಕರ ಮೂಲಕ ಬಂದ ಪಾರ್ಟಿಗೂ ಅದೇ ಫಾರ್ಮ್ ಹೋಗಲಿ.

ಆದಷ್ಟು ಈ ಫಾರ್ಮನ್ನು ಅಕೌಂಟ್ಸ್ ನೋಡುವವರು ಅವರ ಅಕೌಂಟ್ಸ್‌ನವರಿಗೇ ಕಳಿಸಲಿ. ದರ ಚೌಕಾಸಿ ಮಾಡಿದ ನೀವೇ ಮಾಲೀಕರ ಮುಖಕ್ಕೆ ಹಿಡಿದರೆ ಅದು ವ್ಯಕ್ತಿಯ ಮೇಲೆ ಹೋಗುತ್ತದೆ.

ಫಾರ್ಮ್ ಒಂದೇ ಪುಟ ಇರಲಿ. ಬಿಲ್ ಯಾವ ಹೆಸರಿಗೆ, ಮಾಲು ಇಳಿಸುವ ಜಾಗ ಯಾವುದು, ಪಾಲುದಾರರ ಹೆಸರು, ಪೇಮೆಂಟ್ ಪಾಸ್ ಮಾಡುವವರು ಯಾರು, ಬ್ಯಾಂಕ್ ಮತ್ತು ಶಾಖೆ, ಎಷ್ಟು ಲಿಮಿಟ್ ಮತ್ತು ಎಷ್ಟು ದಿನ ಬೇಕು, ಮಾಲು ಕೊಡುವ ಮೂವರ ಹೆಸರು, ಜಿಎಸ್‌ಟಿ ನಂಬರ್ ಮತ್ತು ಫೋನ್. ಕೊನೆಯಲ್ಲಿ ‘ಇವರ ಬಳಿ ವಿಚಾರಿಸಲು ನಮ್ಮ ಒಪ್ಪಿಗೆ ಇದೆ’ ಅನ್ನುವ ಒಂದು ಸಾಲು, ಸಹಿ, ಸೀಲು. ಆಧಾರ್, ಮನೆ ಪತ್ರ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಈ ಮೊತ್ತಕ್ಕೆ ಕೇಳಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅವರು ಯಾರಿಗೆ ಮಾರುತ್ತಾರೆ, ಯಾರಿಂದ ತಗೊಳ್ಳುತ್ತಾರೆ, ಎಲ್ಲ ಇರುತ್ತದೆ. ಬಾಕ್ಸ್ ಕೊಡುವವರಿಗೆ ಅದನ್ನು ತೋರಿಸು ಅಂದರೆ ಸಿಟ್ಟು ಬರುವುದು ಸಹಜ. ಕ್ಯಾನ್ಸಲ್ ಮಾಡಿದ ಚೆಕ್ ಸಾಕು. ಅದರಲ್ಲಿ ಅಕೌಂಟ್ ಫರ್ಮ್ ಹೆಸರಲ್ಲೇ ಇದೆಯಾ ಅಂತ ಗೊತ್ತಾಗುತ್ತದೆ. ಲಿಮಿಟ್ ಇಪ್ಪತ್ತೈದು ಮೂವತ್ತು ಲಕ್ಷಕ್ಕೆ ಹೋಗುವ ದಿನ ಬ್ಯಾಲೆನ್ಸ್ ಶೀಟ್ ಕೇಳಿ, ಕಂಪನಿ ಸಿಬಿಲ್ ವರದಿಯನ್ನು ಅವರೇ ತೆಗೆದು ಕೊಡಲಿ ಅನ್ನಿ. ಆಗ ಅದು ತೂಕಕ್ಕೆ ತಕ್ಕ ಪ್ರಶ್ನೆ.

ರೆಫರೆನ್ಸ್ ವಿಷಯಕ್ಕೆ ಬರೋಣ. ‘ಮೂರು ರೆಫರೆನ್ಸ್ ಕೊಡಿ’ ಅಂತ ಬಿಟ್ಟುಬಿಟ್ಟರೆ ಅವರು ಚೆನ್ನಾಗಿ ಪೇಮೆಂಟ್ ಮಾಡುವ ಮೂವರನ್ನೇ ಕೊಡುತ್ತಾರೆ. ಯಾರಾದರೂ ಹಾಗೇ ಮಾಡುವುದು. ಅದಕ್ಕೆ ಫಾರ್ಮ್‌ನಲ್ಲೇ ಬಗೆ ಹೇಳಿಬಿಡಿ: ಕಚ್ಚಾ ಮಾಲು ಕೊಡುವವರು ಒಬ್ಬರು, ಪ್ಯಾಕಿಂಗ್ ಸಾಮಾನು ಕೊಡುವವರು ಇಬ್ಬರು. ತಿಂಡಿ ಮಾಡುವವರಿಗೆ ಎಣ್ಣೆ ಬರದಿದ್ದರೆ ಅವತ್ತೇ ಬಾಣಲೆ ನಿಲ್ಲುತ್ತದೆ. ಹಾಗಾಗಿ ಎಣ್ಣೆಯವರಿಗೆ ಹೇಗಾದರೂ ದುಡ್ಡು ಹೊಂದಿಸುತ್ತಾರೆ. ಎಣ್ಣೆಯವರು ‘ಪಕ್ಕಾ ಪಾರ್ಟಿ’ ಅಂದರೆ ಅದು ನಿಜವೇ ಇರಬಹುದು, ಆದರೆ ನಿಮ್ಮ ಸರದಿ ಅಲ್ಲಿಲ್ಲ. ನಿಮ್ಮ ಸರದಿಯಲ್ಲೇ ನಿಂತಿರುವವರು ಪ್ರಿಂಟ್ ಮಾಡಿದ ಪೌಚ್ ರೋಲ್ ಕೊಡುವವರು. ಅವರ ಮಾಲೂ ನಿಮ್ಮದರ ಹಾಗೆ ಈ ಪಾರ್ಟಿಯ ಹೆಸರು ಹೊತ್ತಿರುತ್ತದೆ, ವಾಪಸ್ ಬಂದರೆ ಬೇರೆ ಕಡೆ ನಡೆಯುವುದಿಲ್ಲ. ಅವರ ಅನುಭವ ನಾಳೆ ನಿಮ್ಮದಾಗುತ್ತದೆ.

ಇಲ್ಲಿಯ ತನಕ ಬಾಕ್ಸ್ ಕೊಡುತ್ತಿದ್ದವರು ಯಾರು ಅಂತಲೂ ಮಾತಿನ ನಡುವೆ ಕೇಳಿ. ‘ಸರ್, ಈಗ ಬಾಕ್ಸ್ ಎಲ್ಲಿಂದ ಬರುತ್ತಿದೆ, ಅಲ್ಲಿ ಏನು ತೊಂದರೆ ಆಗ್ತಿದೆ? ನಾವು ಅದನ್ನೇ ಮಾಡಬಾರದಲ್ಲ, ಅದಕ್ಕೆ ಕೇಳಿದೆ.’ ಇದು ಗುಣಮಟ್ಟದ ಪ್ರಶ್ನೆಯೂ ಹೌದು, ಕ್ರೆಡಿಟ್ ಪ್ರಶ್ನೆಯೂ ಹೌದು. ‘ಲೇಟ್ ಕೊಡ್ತಾರೆ, ತೇವ ಹೀರಿ ಬಾಕ್ಸ್ ಕುಸಿಯುತ್ತೆ’ ಅಂತ ನಿರ್ದಿಷ್ಟವಾಗಿ ಹೇಳಿದರೆ ನೆಮ್ಮದಿ. ಎರಡು ವರ್ಷದಲ್ಲಿ ಮೂರು ಬಾಕ್ಸ್‌ನವರನ್ನು ಬದಲಿಸಿದ್ದರೆ, ಪ್ರತಿಯೊಬ್ಬರ ಮೇಲೂ ದೂರು ಇದ್ದರೆ, ಅವರಲ್ಲಿ ಒಬ್ಬರಿಗಾದರೂ ನೀವೇ ಫೋನ್ ಮಾಡಬೇಕು.

ಫೋನಿಗೆ ಮೊದಲು ಅವರು ಕೊಟ್ಟ ರೆಫರೆನ್ಸ್‌ಗಳ ಜಿಎಸ್‌ಟಿ ನಂಬರನ್ನು ಅದೇ ಪುಟದಲ್ಲಿ ಹಾಕಿ ನೋಡಿ. ರೆಫರೆನ್ಸ್‌ನ ವಿಳಾಸವೂ ಪಾರ್ಟಿಯ ವಿಳಾಸವೂ ಒಂದೇ ಕಟ್ಟಡ ಆಗಿದ್ದರೆ ಅದು ಅವರದೇ ಇನ್ನೊಂದು ಫರ್ಮ್ ಇರಬಹುದು. ಬರೀ ಮೊಬೈಲ್ ನಂಬರ್ ಕೊಟ್ಟಿದ್ದರೆ ಆ ಕಂಪನಿಯ ಆಫೀಸ್ ನಂಬರ್ ಹುಡುಕಿ, ಅಕೌಂಟ್ಸ್ ವಿಭಾಗ ಕೇಳಿ ಮಾತಾಡಿ. ಮಾರ್ಕೆಟಿಂಗ್‌ನವರು ಆರ್ಡರ್ ಎಷ್ಟು ದೊಡ್ಡದು ಅಂತ ಹೇಳುತ್ತಾರೆ, ದುಡ್ಡು ಯಾವತ್ತು ಬಂತು ಅಂತ ಲೆಡ್ಜರ್ ನೋಡುವವರಿಗೇ ಗೊತ್ತು.

ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

“ಮೇಡಂ, ತುಮಕೂರಿನಿಂದ ಕಾರ್ಟನ್ ಬಾಕ್ಸ್ ಘಟಕದವರು ಮಾತಾಡ್ತಿರೋದು. ಇಂಥ ಪಾರ್ಟಿ ನಿಮ್ಮ ಹೆಸರು ಕೊಟ್ಟಿದ್ದಾರೆ. ಹೊಸದಾಗಿ ಮಾಲು ಕೊಡೋಕೆ ಹೊರಟಿದ್ದೇವೆ. ಎರಡು ನಿಮಿಷ ಸಿಗಬಹುದಾ?”

“ಹೇಳಿ ಸರ್.”

“ಎಷ್ಟು ದಿನದ ವ್ಯವಹಾರ ಮೇಡಂ?”

“ಮೂರು ವರ್ಷ ಆಯ್ತು. ಒಳ್ಳೆ ಪಾರ್ಟಿನೇ.”

“ಎಷ್ಟು ದಿನ ಕ್ರೆಡಿಟ್ ಕೊಟ್ಟಿದ್ದೀರಿ?”

“ಮೂವತ್ತು.”

“ದುಡ್ಡು ಬರೋದು ಎಷ್ಟು ದಿನಕ್ಕೆ?”

“ನಲವತ್ತೈದು, ಐವತ್ತು ಆಗುತ್ತೆ. ದೀಪಾವಳಿ ಆದ ಮೇಲೆ ಇನ್ನೂ ಸ್ವಲ್ಪ ಎಳೀತಾರೆ. ಆದ್ರೆ ಬರುತ್ತೆ.”

“ಚೆಕ್ ಯಾವತ್ತಾದ್ರೂ ವಾಪಸ್ ಆಗಿತ್ತಾ?”

“ಒಂದು ಸಲ ಆಗಿತ್ತು. ಮಾರನೇ ದಿನವೇ ಆರ್‌ಟಿಜಿಎಸ್ ಮಾಡಿದ್ರು.”

ಈ ಮಾತಲ್ಲಿ ‘ಒಳ್ಳೆ ಪಾರ್ಟಿ’ ಅನ್ನುವುದನ್ನು ಬದಿಗಿಡಿ. ಎಲ್ಲರೂ ಅದನ್ನೇ ಅನ್ನುತ್ತಾರೆ, ಬೇರೆಯವರ ವ್ಯಾಪಾರದ ಬಗ್ಗೆ ಕೆಟ್ಟದ್ದು ಹೇಳಲು ಯಾರಿಗೂ ಇಷ್ಟ ಇರುವುದಿಲ್ಲ. ನಿಮಗೆ ಬೇಕಾದ್ದು ಕೊಟ್ಟ ದಿನಕ್ಕೂ ದುಡ್ಡು ಬಂದ ದಿನಕ್ಕೂ ಇರುವ ಅಂತರ. ಮೂವತ್ತು ಅಂದದ್ದು ಐವತ್ತಾಗುತ್ತದೆ. ಹಬ್ಬಕ್ಕೆ ಮಾಲು ಜಾಸ್ತಿ ತಗೊಂಡು, ಡೀಲರ್‌ಗಳಿಂದ ವಸೂಲಿ ಆಗುವ ತನಕ ಎಳೆಯುತ್ತಾರೆ. ಚೆಕ್ ವಾಪಸ್ ಆದರೂ ಮಾರನೇ ದಿನ ಕಟ್ಟಿದ್ದಾರೆ. ಅಂದರೆ ಕೊಡುವ ಮನಸ್ಸಿದೆ, ಕೈ ಬಿಗಿ ಇದೆ. ಇಂಥ ಪಾರ್ಟಿಗೆ ಮಾಲು ಕೊಡಬಹುದು, 60 ದಿನ ಕೊಡಬಾರದು. ಯಾಕೆಂದರೆ ನಿಮ್ಮ 60 ಕೂಡ 80 ಆಗುತ್ತದೆ.

ರೆಫರೆನ್ಸ್‌ನವರ ದರ, ಅವರು ತಿಂಗಳಿಗೆ ಎಷ್ಟು ಮಾರುತ್ತಾರೆ ಅನ್ನುವುದನ್ನು ಕೇಳಬೇಡಿ. ಅವರು ಹೇಳಿದ್ದನ್ನು ಪಾರ್ಟಿಯ ಮುಂದೆ ಎತ್ತಲೂಬೇಡಿ. ‘ಪೌಚ್‌ನವರು ನೀವು ಲೇಟ್ ಅಂದ್ರು’ ಅಂತ ಒಂದು ಮಾತು ಬಾಯಿ ಜಾರಿದರೆ ಇಬ್ಬರ ಸಂಬಂಧವೂ ಕೆಡುತ್ತದೆ, ಮುಂದೆ ನಿಮಗೆ ಯಾರೂ ನಿಜ ಹೇಳುವುದಿಲ್ಲ.

60 ದಿನ ಬೇಡ ಅನ್ನಲು ಅಷ್ಟೊಂದು ಹಿಂಜರಿಯಬೇಕಿಲ್ಲ. ನಿಮ್ಮದು ಉದ್ಯಮ್ ನೋಂದಣಿ ಇರುವ ತಯಾರಿಕಾ ಘಟಕ. 2006ರ ಎಂಎಸ್ಎಂಇಡಿ ಕಾಯ್ದೆ ಪ್ರಕಾರ, ನಿಮ್ಮಂಥ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನ ಮೀರಿ ಗಡುವು ಇಡುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕಿಂತ ನಿಮ್ಮ ಪಾರ್ಟಿಗೆ ಬೇಗ ತಟ್ಟುವುದು ಆದಾಯ ತೆರಿಗೆ. 2023-24ರ ಹಣಕಾಸು ವರ್ಷದಿಂದ, ಈ ಗಡುವು ದಾಟಿದ ಬಾಕಿಯನ್ನು ಕಟ್ಟಿದ ವರ್ಷದಲ್ಲೇ ಖರ್ಚು ಅಂತ ತೋರಿಸಬೇಕು. ಗಡುವು ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದಿದ್ದರೆ ಆ ವರ್ಷದ ಲಾಭ ಅಷ್ಟು ಜಾಸ್ತಿ ಕಾಣುತ್ತದೆ, ತೆರಿಗೆ ಜಾಸ್ತಿ ಬೀಳುತ್ತದೆ. ಇದು ಅವರ ಆಡಿಟರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ‘ಸರ್, 60 ದಿನ ಇಟ್ಟರೆ ನಿಮ್ಮ ಆಡಿಟರ್‌ಗೂ ತಲೆನೋವು, ಕಾಯ್ದೆ ಒಳಗೇ ಇಟ್ಟುಕೊಳ್ಳೋಣ’ ಅಂದರೆ ಅದರಲ್ಲಿ ಅನುಮಾನದ ನೆರಳೂ ಇಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳು ಮಾತ್ರ ಈ ರಕ್ಷಣೆ ನಮಗೂ ಇದೆ ಅಂತ ನೆಚ್ಚಿಕೊಳ್ಳಬಾರದು. ಅವರಿಗೆ ಉದ್ಯಮ್ ನೋಂದಣಿ ಸಿಕ್ಕರೂ ಪೇಮೆಂಟ್ ಗಡುವಿನ ಲಾಭ ಸಿಗುವುದಿಲ್ಲ.

ಮೇಲೆ ಹೇಳಿದ ಫೋನ್ ಮಾತು ನಿಮಗೇ ಬಂದಿದ್ದರೆ ನಾನು ಹೀಗೆ ಹೇಳುತ್ತಿದ್ದೆ. ಡೈ ಮತ್ತು ಪ್ರಿಂಟಿಂಗ್ ಸ್ಟೀರಿಯೋ ಖರ್ಚು ಪೂರ್ತಿ ಮುಂಗಡ. ಮೊದಲ ಎರಡು ಆರ್ಡರ್‌ಗೆ ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಇಳಿಸುವ ಮೊದಲು. ಮೂರನೇ ಆರ್ಡರ್‌ನಿಂದ 30 ದಿನ, ಲಿಮಿಟ್ 4 ಲಕ್ಷ. ತಿಂಗಳಿಗೆ 3 ಲಕ್ಷ ಆದರೆ 4 ಲಕ್ಷ ಅಂದರೆ 40 ದಿನದ ಮಾಲು. ಹತ್ತು ದಿನದ ತಡವನ್ನು ನೀವು ಲೆಕ್ಕದಲ್ಲಿ ಮೊದಲೇ ಹಿಡಿದಿದ್ದೀರಿ. ಅದು ಅವರಿಗೆ ಗೊತ್ತಾಗಬೇಕಿಲ್ಲ. ಅವರ ಅಭ್ಯಾಸದ 50ನೇ ದಿನಕ್ಕೆ ಬಾಕಿ 5 ಲಕ್ಷ ಆಗಬೇಕಿತ್ತು. ಅದಕ್ಕೆ ಮೊದಲೇ ಲೋಡ್ ನಿಲ್ಲುತ್ತದೆ, ಮಾತುಕತೆ ಆಗುತ್ತದೆ. ಟ್ಯಾಲಿಯಲ್ಲಿ ಆ ಲೆಡ್ಜರ್‌ಗೆ ಕ್ರೆಡಿಟ್ ಲಿಮಿಟ್ ಹಾಕಿಡಿ. ಆಗ ‘ಸಿಸ್ಟಂ ಬಿಲ್ ತಗೊಳ್ತಿಲ್ಲ ಸರ್, ಹಳೇದು ಒಂದು ಕ್ಲಿಯರ್ ಮಾಡಿಬಿಡಿ’ ಅಂತ ನಿಮ್ಮ ಅಕೌಂಟ್ಸ್‌ನವರು ಸಲೀಸಾಗಿ ಹೇಳಬಹುದು. ಪ್ರಿಂಟ್ ಆದ ಬಾಕ್ಸ್ ಹದಿನೈದು ದಿನಕ್ಕಿಂತ ಜಾಸ್ತಿ ಸ್ಟಾಕ್ ಮಾಡಬೇಡಿ.

ನಿರ್ಧಾರವನ್ನು ತಿಳಿಸುವಾಗ ಕಾರಣಗಳ ಪಟ್ಟಿ ಕೊಡಬೇಡಿ. “ಸರ್, ಫಾರ್ಮ್ ಬಂತು, ಥ್ಯಾಂಕ್ಸ್. 30 ದಿನ, 4 ಲಕ್ಷದ ಲಿಮಿಟ್ ಓಪನ್ ಮಾಡಿದ್ದೇವೆ, ಮೂರನೇ ಆರ್ಡರ್‌ನಿಂದ ಶುರು. ಆರು ತಿಂಗಳ ಪೇಮೆಂಟ್ ನೋಡಿಕೊಂಡು ಮತ್ತೆ ಕೂತು ಮಾತಾಡೋಣ.” ಇಷ್ಟು ಸಾಕು. ಇದೇ ಸಾಲನ್ನು ಅವರಿಂದ ಮೇಲ್‌ನಲ್ಲಿ ‘ಓಕೆ’ ಅನ್ನಿಸಿಕೊಳ್ಳಿ, ಪ್ರತಿ ಬಿಲ್ ಮೇಲೂ ಗಡುವಿನ ತಾರೀಕು ಪ್ರಿಂಟ್ ಮಾಡಿಸಿ.

ಇನ್ನು ನೀವು ಹೆದರುವ ಆ ಮಾತು, ‘ನಂಬಿಕೆ ಇಲ್ವಾ?’ ಅದು ಬಂದರೆ ನಂಬಿಕೆ ಬಗ್ಗೆ ವಾದಕ್ಕೆ ಇಳಿಯಬೇಡಿ. “ನಂಬಿಕೆ ಇದೆ ಸರ್, ಅದಕ್ಕೇ ಕೊಟೇಶನ್ ಕೊಟ್ಟಿದ್ದು. ನಮ್ಮಲ್ಲಿ ಕ್ರೆಡಿಟ್ ಅಕೌಂಟ್ ಇದಿಲ್ಲದೆ ಓಪನ್ ಆಗಲ್ಲ. ಫಾರ್ಮ್ ಬೇಡ ಅಂದರೆ ಅಡ್ವಾನ್ಸ್ ಮೇಲೆ ನಡೆಸೋಣ, ದರದಲ್ಲಿ ಸ್ವಲ್ಪ ನೋಡಿ ಕೊಡ್ತೀನಿ.” ಇದರ ಮೇಲೆ ಅವರು ಮಾಡುವುದನ್ನು ಗಮನಿಸಿ. ಒಬ್ಬರು ಗೊಣಗಿಕೊಂಡೇ ಫಾರ್ಮ್ ತುಂಬಿ ಕಳಿಸುತ್ತಾರೆ. ಇನ್ನೊಬ್ಬರು ಅಡ್ವಾನ್ಸ್‌ಗೆ ಒಪ್ಪಿ ದರ ಇಳಿಸಿಕೊಳ್ಳುತ್ತಾರೆ. ಇಬ್ಬರೂ ವ್ಯಾಪಾರಕ್ಕೆ ಸರಿಯಾದವರೇ. ಫಾರ್ಮ್ ಕೊಡುವುದಿಲ್ಲ, ಅಡ್ವಾನ್ಸ್ ಕೊಡುವುದಿಲ್ಲ, ದರದ ಬಗ್ಗೆ ಚೌಕಾಸಿಯನ್ನೂ ಮಾಡುವುದಿಲ್ಲ, ಮಾಲು ಮಾತ್ರ ಈ ವಾರವೇ ಬೇಕು ಅನ್ನುವವರು ಇರುತ್ತಾರಲ್ಲ, ಆ ಆರ್ಡರ್ ಕೈತಪ್ಪಲಿ. ಕೊಡುವ ಉದ್ದೇಶ ಇದ್ದವರು ದರಕ್ಕೆ ಜಗ್ಗದೆ ಬಿಡುವುದಿಲ್ಲ.